ಸಪೋರ್ಟ್ ಟೀಮಿನ ನಾಲೆಜ್ ಬೇಸ್: ಟೆಂಪ್ಲೇಟ್ ಮತ್ತು ರಿವ್ಯೂ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆ ಕೇಬಲ್ ಮತ್ತು ಬ್ರಾಡ್‌ಬ್ಯಾಂಡ್ ಆಫೀಸುಗಳಲ್ಲಿ ಫೋನ್ ಎತ್ತುವವರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವು ಮಾತಿನ ನಡುವೆ ಬಂದವು, ಕೆಲವು ಕಾಗದದಲ್ಲಿ ಬಂದವು. ನಾಲೆಜ್ ಬೇಸ್ ಅಂದರೆ ಯಾವ ದೂರಿಗೆ ಏನು ಮಾಡಬೇಕು ಅಂತ ಬರೆದಿಟ್ಟ ಲೇಖನಗಳ ಸಂಗ್ರಹ. ಉದಾಹರಣೆಗೆ ಎಲ್ಲ ಕಡೆ ಒಂದೇ ದೂರನ್ನು ಹಿಡಿದುಕೊಂಡಿದ್ದೇನೆ: ಮೋಡೆಮ್‌ನಲ್ಲಿ `LOS` ಲೈಟ್ ಕೆಂಪಾಗಿದೆ, ನೆಟ್ ಇಲ್ಲ. ಮಳೆಗಾಲದಲ್ಲಿ ಈ ಫೋನ್ ಬಾರದ ದಿನವೇ ಇರುವುದಿಲ್ಲ, ಅಲ್ವಾ?

## ಶುರುವಿನ ಪ್ರಶ್ನೆಗಳು

ಎಲ್ಲ ವಾಟ್ಸಾಪ್ ಗ್ರೂಪಿನಲ್ಲೇ ಉಂಟಲ್ಲ, ಮತ್ತೆ ಬೇರೆ ನಾಲೆಜ್ ಬೇಸ್ ಯಾಕೆ?

ಗ್ರೂಪಿನಲ್ಲಿ ಉತ್ತರ ಇರುತ್ತದೆ, ನಿಜ. ಆದರೆ ಒಂದೇ ಪ್ರಶ್ನೆಗೆ ಮೂರು ಕಾಲದ ಮೂರು ಉತ್ತರ ಇರುತ್ತದೆ. ಅದರಲ್ಲಿ ಇವತ್ತು ಯಾವುದು ಸರಿ ಅಂತ ಹೇಳುವವರು ಯಾರೂ ಇಲ್ಲ. ಗ್ರಾಹಕರು ಲೈನಿನಲ್ಲಿ ಕಾಯುತ್ತಿರುವಾಗ ಹೊಸ ಹುಡುಗಿ ಗ್ರೂಪಿನಲ್ಲಿ "ಕೆಂಪು ಲೈಟ್" ಅಂತ ಹುಡುಕಿದರೆ ಫೋಟೋ, "ಸರಿ ಆಯ್ತು", "ಯಾರು ಹೋಗ್ತೀರಿ" ಇವೆಲ್ಲ ಬರುತ್ತವೆ. ಏನು ಮಾಡಬೇಕು ಅನ್ನುವುದು ಬರುವುದಿಲ್ಲ.

ಈ ಹೊತ್ತಿನ ಸುದ್ದಿಗೆ ಗ್ರೂಪ್ ಒಳ್ಳೆಯದು. "ಪೆರ್ಲದಲ್ಲಿ ಮರ ಬಿದ್ದು ಫೈಬರ್ ತುಂಡಾಗಿದೆ, ಸಂಜೆಗೆ ಸರಿಯಾಗುತ್ತದೆ" ಎಂಬುದು ಗ್ರೂಪಿನ ಸುದ್ದಿ. ಅದನ್ನು ಲೇಖನ ಮಾಡಬೇಡಿ. "ಫೈಬರ್ ತುಂಡಾದರೆ ನಮಗೆ ಗೊತ್ತಾಗುವುದು ಹೇಗೆ, ಗ್ರಾಹಕರಿಗೆ ಏನು ಹೇಳಬೇಕು" ಎಂಬುದು ಲೇಖನ. ನಾಳೆಯೂ ಬೇಕಾಗುವುದು ಯಾವುದು ಅಂತ ಕೇಳಿಕೊಂಡರೆ ಸಾಕು.

ಎಲ್ಲ ಬರೆದು ಮುಗಿಸಿ ಆಮೇಲೆ ಟೀಮಿಗೆ ಕೊಡುವುದಾ?

ಬೇಡ. ಹಾಗೆ ಹೊರಟ ಕೆಲಸ ಹೆಚ್ಚಾಗಿ ಮುಗಿಯುವುದೇ ಇಲ್ಲ. ಮುಗಿದರೂ ಯಾರೂ ಕೇಳದ ವಿಷಯಗಳೇ ಅರ್ಧ ಇರುತ್ತವೆ. ಟಿಕೆಟ್ ಮುಚ್ಚುವ ಹೊತ್ತಿನಲ್ಲಿ ಬರೆಯಿರಿ. ದೂರು ಬಂದಾಗ ಮೊದಲು ಹುಡುಕಿ. ಲೇಖನ ಸಿಕ್ಕಿದರೆ ಅದನ್ನೇ ಬಳಸಿ, ಅದರ ನಂಬರನ್ನು ಟಿಕೆಟ್‌ನಲ್ಲಿ ಹಾಕಿ. ಸಿಗದಿದ್ದರೆ ದೂರು ಬಗೆಹರಿದ ಮೇಲೆ ಅಲ್ಲೇ ಕೂತು ನಾಲ್ಕು ಸಾಲು ಬರೆಯಿರಿ. ಆಗ ಗ್ರಾಹಕರು ಹೇಳಿದ ಮಾತು ಇನ್ನೂ ಕಿವಿಯಲ್ಲಿರುತ್ತದೆ. ಸಂಜೆಗೆ ಅಂತ ಇಟ್ಟರೆ ಅದು ಹೋಗಿ ನಮ್ಮ ಭಾಷೆ ಬಂದಿರುತ್ತದೆ.

ಈ ಪದ್ಧತಿ ಹೊಸದೇನಲ್ಲ. 1992ರಲ್ಲಿ ಶುರುವಾದ ಕನ್ಸಾರ್ಟಿಯಂ ಫಾರ್ ಸರ್ವಿಸ್ ಇನೊವೇಶನ್ ಎಂಬ ಕೂಟ ಇದನ್ನು ಕೆಸಿಎಸ್, ಅಂದರೆ ನಾಲೆಜ್ ಸೆಂಟರ್ಡ್ ಸರ್ವಿಸ್, ಎಂಬ ಹೆಸರಿನಲ್ಲಿ ಬೆಳೆಸಿತು. ಅವರ ಇಡೀ ಪದ್ಧತಿ ಐದಾರು ಜನರ ಆಫೀಸಿಗೆ ಭಾರವಾಗುತ್ತದೆ. ಹುಡುಕಿ, ಬಳಸಿ, ತಿದ್ದಿ, ಇಲ್ಲದಿದ್ದರೆ ಬರೆಯಿರಿ ಎಂಬ ತಿರುಳು ಮಾತ್ರ ಎಲ್ಲರಿಗೂ ಹೊಂದುತ್ತದೆ.

## ಟೆಂಪ್ಲೇಟ್

ಎಷ್ಟು ಬಗೆಯ ಟೆಂಪ್ಲೇಟ್ ಮಾಡಬೇಕು?

ಮೂರು ಸಾಕು. ಒಂದು, ತೊಂದರೆಯ ಲೇಖನ: ಏನೋ ಕೆಟ್ಟಿದೆ, ಸರಿ ಮಾಡುವುದು ಹೇಗೆ. ಎರಡು, ಮಾಡುವ ಕ್ರಮ: ಏನೂ ಕೆಟ್ಟಿಲ್ಲ, ವೈಫೈ ಪಾಸ್‌ವರ್ಡ್ ಬದಲಾಯಿಸಬೇಕು, ಮನೆ ಬದಲಾಯಿಸಿದ್ದಾರೆ, ಅಂಥದ್ದು. ಮೂರು, ಮಾಹಿತಿ: ಪ್ಲಾನ್ ದರ, ಯಾವ ಏರಿಯಾಕ್ಕೆ ಯಾವ ಲೈನ್‌ಮ್ಯಾನ್, ಯಾವ ಲೈಟಿನ ಅರ್ಥ ಏನು.

ಬೇರೆ ಬೇರೆ ಇಡಲು ಕಾರಣ ರಿವ್ಯೂ. ದರ ಬದಲಾಗುವ ವೇಗ ಬೇರೆ, ಮೋಡೆಮ್ ಲೈಟಿನ ಅರ್ಥ ಬದಲಾಗುವ ವೇಗ ಬೇರೆ. ಕೆಂಪು ಲೈಟಿನ ಲೇಖನದ ಮಧ್ಯೆ ಲೈನ್‌ಮ್ಯಾನ್ ನಂಬರ್ ಬರೆದರೆ, ನಂಬರ್ ಬದಲಾದ ದಿನ ಒಳ್ಳೆಯ ಲೇಖನವೂ ತಪ್ಪಾಗುತ್ತದೆ. ನಂಬರ್ ಒಂದೇ ಜಾಗದಲ್ಲಿರಲಿ, ಉಳಿದ ಕಡೆ ಅದರ ಲಿಂಕ್ ಇರಲಿ. ಪಾಸ್‌ವರ್ಡ್‌ಗಳನ್ನಂತೂ ಯಾವ ಲೇಖನದಲ್ಲೂ ಬರೆಯಬೇಡಿ.

ತೊಂದರೆಯ ಲೇಖನದಲ್ಲಿ ಏನೇನು ಇರಬೇಕು? ಒಂದು ಪೂರ್ತಿ ಉದಾಹರಣೆ ಕೊಡ್ತೀರಾ?

ನಾನು ಕೊಡುವ ಟೆಂಪ್ಲೇಟ್ ಇಷ್ಟೇ:

```
ತಲೆಬರಹ:
ಗ್ರಾಹಕರ ಮಾತು:
ಯಾವುದಕ್ಕೆ ಅನ್ವಯ / ಯಾವುದಕ್ಕೆ ಅಲ್ಲ:
ಕಾರಣ:
ಕ್ರಮ:
ಎಲ್ಲಿ ನಿಲ್ಲಿಸಬೇಕು, ಯಾರಿಗೆ ಕೊಡಬೇಕು:
ಜವಾಬ್ದಾರಿ / ಕೊನೆಗೆ ಮಾಡಿ ನೋಡಿದ ದಿನ:
```

ಈಗ ಕೆಂಪು ಲೈಟಿನ ಲೇಖನವನ್ನು ಇದರಲ್ಲಿ ತುಂಬೋಣ.

ತಲೆಬರಹದಲ್ಲಿ ಕಣ್ಣಿಗೆ ಕಾಣುವ ಲಕ್ಷಣ ಬರಲಿ: "ಮೋಡೆಮ್‌ನಲ್ಲಿ LOS ಲೈಟ್ ಕೆಂಪು, ನೆಟ್ ಪೂರ್ತಿ ಇಲ್ಲ". "ಫೈಬರ್ ತುಂಡು" ಅಂತ ಬರೆದರೆ ಹುಡುಕುವವರಿಗೆ ಸಿಗುವುದಿಲ್ಲ. ಫೋನ್ ಎತ್ತಿದ ಹೊತ್ತಿನಲ್ಲಿ ಫೈಬರ್ ತುಂಡಾಗಿದೆ ಅಂತ ಯಾರಿಗೆ ಗೊತ್ತಿರುತ್ತದೆ?

ಅನ್ವಯದ ಸಾಲು ಹೀಗೆ: "ಎಲ್ಲ ಫೈಬರ್ ಮೋಡೆಮ್‌ಗಳಿಗೆ. ಒಂದು ಲೈಟೂ ಉರಿಯದಿದ್ದರೆ ಇದು ಅಲ್ಲ, ಕರೆಂಟ್ ಅಥವಾ ಅಡಾಪ್ಟರ್ ಲೇಖನ ನೋಡಿ. LOS ಆರಿದ್ದು PON ಮಾತ್ರ ಮಿಣುಕುತ್ತಿದ್ದರೆ ಇದು ಅಲ್ಲ, ರಿಜಿಸ್ಟರ್ ಆಗದ ಮೋಡೆಮ್‌ನ ಲೇಖನ ನೋಡಿ." ಯಾವುದಕ್ಕೆ ಅಲ್ಲ ಎಂಬುದನ್ನು ಬರೆಯದಿದ್ದರೆ ತಪ್ಪು ಲೇಖನ ಹಿಡಿದು ಹತ್ತು ನಿಮಿಷ ಹೋಗುತ್ತದೆ.

ಕಾರಣ ಒಂದೇ ವಾಕ್ಯ: ಫೈಬರಿನ ಬೆಳಕು ಮೋಡೆಮ್ ತನಕ ಬರುತ್ತಿಲ್ಲ.

ಕ್ರಮದ ಮೊದಲ ಹೆಜ್ಜೆ ನಮ್ಮ ಸ್ಕ್ರೀನಿನಲ್ಲೇ. ಗ್ರಾಹಕರಿಗೆ ಏನನ್ನೂ ಮುಟ್ಟಲು ಹೇಳುವ ಮುಂಚೆ, ಅವರ ಪೋರ್ಟಿನಲ್ಲಿ ಬೇರೆ ಮನೆಗಳು ಆನ್ ಇವೆಯಾ ನೋಡಿ. ಒಂದು ಪೋರ್ಟ್ ಸ್ಪ್ಲಿಟರಿನಲ್ಲಿ ಒಡೆದು ಸಾಮಾನ್ಯವಾಗಿ 32 ಅಥವಾ 64 ಮನೆಗೆ ಹೋಗಿರುತ್ತದೆ. ಎಲ್ಲವೂ ಆಫ್ ಆಗಿದ್ದರೆ ಮನೆಯ ತೊಂದರೆ ಅಲ್ಲ, ಮುಖ್ಯ ಲೈನಿನದು. ಆಗ ಒಂದೇ ಮುಖ್ಯ ಟಿಕೆಟ್ ಮಾಡಿ, ಬರುವ ದೂರುಗಳನ್ನೆಲ್ಲ ಅದಕ್ಕೆ ಸೇರಿಸಿ. ಬೇರೆಯವರೆಲ್ಲ ಆನ್ ಇದ್ದು ಈ ಮನೆ ಮಾತ್ರ ಆಫ್ ಇದ್ದರೆ ಮುಂದಿನ ಹೆಜ್ಜೆ.

ಎರಡನೆಯದು, ಮೋಡೆಮ್ ಹಿಂದಿನ ಸಪೂರ ವಯರ್ ಎಲ್ಲಿಯಾದರೂ ಮಡಚಿದೆಯಾ, ಮೇಜಿನ ಅಡಿ ಸಿಕ್ಕಿದೆಯಾ, ಇಲಿ ಕಡಿದಿದೆಯಾ ಕೇಳಿ. ಹಸಿರು ತಲೆಯ ಕನೆಕ್ಟರನ್ನು ಸಣ್ಣ ಶಬ್ದ ಬರುವ ತನಕ ಒತ್ತಲು ಹೇಳಿ. ಹೊರಗೆ ಎಳೆದು ತುದಿ ನೋಡಲು ಹೇಳಬೇಡಿ. ಅದರಿಂದ ಬರುವ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿಗೆ ಒಳ್ಳೆಯದಲ್ಲ. ತುದಿಗೆ ಬೆರಳು ತಾಗಿದರೆ ಕೊಳೆ ಕೂತು ಸಿಗ್ನಲ್ ಇನ್ನೂ ಕೆಡುತ್ತದೆ. ಆಮೇಲೆ ಒಮ್ಮೆ ಸ್ವಿಚ್ ಆಫ್ ಮಾಡಿ ಆನ್ ಮಾಡಿಸಿ.

ನಿಲ್ಲಿಸುವ ಸಾಲು: "ಆನ್ ಮಾಡಿ ಎರಡು ಮೂರು ನಿಮಿಷ ಆದರೂ ಕೆಂಪು ಇದ್ದರೆ ಲೈನ್‌ಮ್ಯಾನ್‌ಗೆ ಕೊಡಿ. ಪೋರ್ಟ್, ಶುರುವಾದ ಹೊತ್ತು, ಮನೆಯಲ್ಲಿ ಪೈಂಟ್ ಅಥವಾ ಮರ ಕಡಿಯುವ ಕೆಲಸ ನಡೆದಿದೆಯಾ ಬರೆಯಿರಿ. ರಿಸೆಟ್ ತೂತಿಗೆ ಪಿನ್ ಹಾಕಲು ಹೇಳಬೇಡಿ." ಕೊನೆಯ ವಾಕ್ಯಕ್ಕೆ ಕಾರಣ ಇದೆ. ಪಿನ್ ಒತ್ತಿದರೆ ವೈಫೈ ಹೆಸರು, ಪಾಸ್‌ವರ್ಡ್, ಕೆಲವು ಮೋಡೆಮ್‌ಗಳಲ್ಲಿ ಇಂಟರ್ನೆಟ್ ಲಾಗಿನ್ ಕೂಡ ಅಳಿಸಿ ಹೋಗುತ್ತದೆ. ಬೆಳಕು ವಾಪಸ್ ಬಂದ ಮೇಲೂ ನೆಟ್ ಬರುವುದಿಲ್ಲ. ಒಂದು ದೂರು ಎರಡಾಯಿತು.

ಇಡೀ ಟೆಂಪ್ಲೇಟಿನಲ್ಲಿ ಒಂದೇ ಸಾಲು ಉಳಿಸಿಕೊಳ್ಳಿ ಅಂದರೆ ನಾನು ಈ ನಿಲ್ಲಿಸುವ ಸಾಲನ್ನು ಉಳಿಸಿಕೊಳ್ಳುತ್ತೇನೆ. ಎಲ್ಲಿ ಬಿಡಬೇಕು ಅಂತ ಗೊತ್ತಿಲ್ಲದ ಹೊಸಬರು ಗ್ರಾಹಕರ ಕೈಯಲ್ಲಿ ಸುಮ್ನೆ ಏನೇನೋ ಮಾಡಿಸುತ್ತಾರೆ.

ನೆಟ್ ಬಿಟ್ಟು ಬಿಟ್ಟು ಬರುವುದನ್ನೂ ಇದೇ ಲೇಖನಕ್ಕೆ ಸೇರಿಸಬಹುದಾ? ಎರಡೂ ಫೈಬರಿನ ತೊಂದರೆಯೇ ಅಲ್ವಾ?

ಮೂಲ ಒಂದೇ ಇರಬಹುದು. ಆದರೆ ಫೋನಿನಲ್ಲಿ ಮಾಡುವ ಕೆಲಸ ಬೇರೆ, ಆದ್ದರಿಂದ ಲೇಖನವೂ ಬೇರೆ. ಬಿಟ್ಟು ಬಿಟ್ಟು ಬರುವಾಗ ಬೆಳಕು ಬರುತ್ತಿದೆ, ಕಡಿಮೆಯಾಗಿದೆ ಅಷ್ಟೆ. ಅಲ್ಲಿ ಮೊದಲು ನೋಡುವುದು ಮೋಡೆಮ್‌ಗೆ ಬರುವ ಬೆಳಕಿನ ಅಳತೆ. ಸಾಮಾನ್ಯವಾಗಿ ಬಳಸುವ ಬಿ ಪ್ಲಸ್ ದರ್ಜೆಯ ಜಿಪಾನ್ ಲೈನಿನಲ್ಲಿ `-27 dBm` ಕೊನೆಯ ಗಡಿ. `-26` ಅಂತ ಕಂಡರೆ ಈಗ ನಡೆಯುತ್ತಿದ್ದರೂ ಮಳೆಗೆ ಕೈಕೊಡಬಹುದು. LOS ಕೆಂಪಾದ ಮನೆಗೆ ಆ ಅಳತೆಯೇ ಸಿಗುವುದಿಲ್ಲ. ಎರಡನ್ನೂ ಸೇರಿಸಿದರೆ "ಹೀಗಿದ್ದರೆ ಇದು, ಹಾಗಿದ್ದರೆ ಅದು" ಅಂತ ಬೆಳೆದು, ಓದುವವರು ಅರ್ಧದಲ್ಲಿ ದಾರಿ ತಪ್ಪುತ್ತಾರೆ.

ಫೋನ್ ಮಾಡುವವರು ಮಲಯಾಳ, ತುಳು, ಕನ್ನಡ ಎಲ್ಲ ಮಾತಾಡುತ್ತಾರೆ. ಲೇಖನ ಯಾವ ಭಾಷೆಯಲ್ಲಿ ಇರಬೇಕು?

ಲೇಖನ ಒಂದೇ ಭಾಷೆಯಲ್ಲಿ ಇರಲಿ, ನಿಮ್ಮ ಟೀಮಿನ ಎಲ್ಲರಿಗೂ ಸಲೀಸಾಗಿ ಓದಲು ಬರುವ ಭಾಷೆಯಲ್ಲಿ. ಎರಡು ಭಾಷೆಯಲ್ಲಿ ಎರಡು ಪ್ರತಿ ಇಟ್ಟರೆ, ತಿದ್ದುವಾಗ ಒಂದನ್ನು ತಿದ್ದಿ ಇನ್ನೊಂದನ್ನು ಬಿಟ್ಟೇ ಬಿಡುತ್ತಾರೆ. ಆಮೇಲೆ ಎರಡು ಪ್ರತಿ ಎರಡು ಮಾತು ಹೇಳುತ್ತವೆ.

ಭಾಷೆಗಳು ಕೂಡುವ ಜಾಗ "ಗ್ರಾಹಕರ ಮಾತು" ಎಂಬ ಸಾಲು. ಅಲ್ಲಿ ಕೇಳಿದ್ದನ್ನು ಕೇಳಿದ ಹಾಗೆಯೇ ಬರೆಯಿರಿ: "ಕೆಂಪು ಲೈಟ್ ಮಿಣುಕ್ತಾ ಉಂಟು", "ನೆಟ್ ಬರ್ಪುಜಿ", "ಚುವನ್ನ ಲೈಟ್ ಕತ್ತುನ್ನು". ಮಂಜೇಶ್ವರದ ಅಜ್ಜಿ ಹೇಳಿದ್ದೂ ಕಾಞಂಗಾಡಿನ ಅಂಗಡಿಯವರು ಹೇಳಿದ್ದೂ ಒಂದೇ ಲೇಖನಕ್ಕೆ ಬಂದು ಮುಟ್ಟುತ್ತದೆ. ನಿಮ್ಮವರು ಹುಡುಕುವಾಗ ಇಂಗ್ಲಿಷ್ ಅಕ್ಷರದಲ್ಲಿ `net illa` ಅಂತ ಟೈಪ್ ಮಾಡುವವರಾದರೆ ಅದನ್ನೂ ಹಾಕಿ. ವ್ಯಾಕರಣ ತಿದ್ದಲು ಹೋಗಬೇಡಿ. ಹುಡುಕಿದಾಗ ಸಿಗುವುದು ಈ ಸಾಲಿನ ಕೆಲಸ.

ಟೆಂಪ್ಲೇಟ್ ಕೊಟ್ಟರೂ ಹುಡುಗರು ತುಂಬುವುದಿಲ್ಲ. ಏನು ಮಾಡುವುದು?

ಸಾಲುಗಳು ಜಾಸ್ತಿ ಇವೆಯಾ ನೋಡಿ. ಹೆಚ್ಚಿನ ಲೇಖನಗಳಲ್ಲಿ ಖಾಲಿ ಬಿಟ್ಟಿರುವ ಸಾಲನ್ನು ಟೆಂಪ್ಲೇಟಿನಿಂದಲೇ ತೆಗೆಯಿರಿ. ಬರೆಯುವವರು ಗ್ರಾಹಕರ ಮಾತು ಮತ್ತು ಕ್ರಮ ಇವೆರಡನ್ನು ತುಂಬಿದರೆ ಸಾಕು, ಉಳಿದದ್ದನ್ನು ರಿವ್ಯೂ ಮಾಡುವವರು ಸೇರಿಸಲಿ.

## ರಿವ್ಯೂ

ಎಲ್ಲ ಲೇಖನಗಳಿಗೂ ಮೂರು ತಿಂಗಳಿಗೊಮ್ಮೆ ರಿವ್ಯೂ ಅಂತ ಇಟ್ಟರೆ ಸರಿಯಾ?

ಹಾಗೆ ಇಟ್ಟರೆ ಒಂದೇ ವಾರ ಎಲ್ಲವೂ ಬಾಕಿ ಬರುತ್ತದೆ. ಆಗ ಜನ ಓದದೆ ತಾರೀಕು ಬದಲಾಯಿಸುತ್ತಾರೆ. ರಿವ್ಯೂ ಇಲ್ಲದ್ದಕ್ಕಿಂತ ಇದು ಕೆಟ್ಟದು, ಯಾಕೆಂದರೆ ಹಳೆಯ ಲೇಖನಕ್ಕೆ ಹೊಸ ತಾರೀಕಿನ ನಂಬಿಕೆ ಬರುತ್ತದೆ.

ವಿಷಯ ಎಷ್ಟು ಬೇಗ ಬದಲಾಗುತ್ತದೆ, ತಪ್ಪಾದರೆ ಎಷ್ಟು ಹಾನಿ ಎಂಬುದನ್ನು ನೋಡಿ ಅವಧಿ ಹಾಕಿ. ದರ, ರಿಫಂಡ್, ಫೋನ್ ನಂಬರ್‌ಗೆ 30 ದಿನ. ಮೋಡೆಮ್ ಸೆಟ್ಟಿಂಗ್ ಹೇಳುವ ಲೇಖನಗಳಿಗೆ 180 ದಿನ. ಬದಲಾಗದ ಮಾಹಿತಿಗೆ ಒಂದು ವರ್ಷ. ಇವು ನಾನು ಇಟ್ಟುಕೊಂಡ ಅಂಕಿಗಳು, ನಿಮ್ಮಲ್ಲಿ ಬೇರೆ ಇರಬಹುದು.

ತಾರೀಕಿಗಿಂತ ಮುಖ್ಯ ಘಟನೆ. ಹೊಸ ಮಾದರಿಯ ಮೋಡೆಮ್ ಸ್ಟಾಕಿಗೆ ಬಂತು, ಫರ್ಮ್‌ವೇರ್ ಬದಲಾಯಿತು, ಪ್ಲಾನ್ ಬದಲಾಯಿತು ಅಂದರೆ ಅದಕ್ಕೆ ಸೇರಿದ ಲೇಖನಗಳನ್ನು ಅವತ್ತೇ ನೋಡಬೇಕು. ನಮ್ಮ ಕಡೆಗೆ ಇನ್ನೊಂದು ಗಡುವು ಸಹಜವಾಗಿಯೇ ಇದೆ. ಮೇ ಕೊನೆಯ ವಾರಕ್ಕೆ ಪತ್ತನಾಜೆ ಬರುತ್ತದೆ, ಅದರ ಬೆನ್ನಿಗೇ ಮಳೆ. ಫೈಬರ್ ತುಂಡು, ಸಿಡಿಲು, ಕರೆಂಟ್ ಹೋಗುವ ದೂರುಗಳ ಲೇಖನಗಳನ್ನೆಲ್ಲ ಪತ್ತನಾಜೆಗೆ ಮುಂಚೆ ನೋಡಿ ಮುಗಿಸಿ. ಜೂನ್ ತಿಂಗಳಲ್ಲಿ ಅವುಗಳಿಗೆ ಯಾರಿಗೂ ಪುರುಸೊತ್ತು ಇರುವುದಿಲ್ಲ.

ರಿವ್ಯೂ ಅಂದರೆ ಕೂತು ನಿಜವಾಗಿ ಮಾಡುವುದೇನು?

ಮೂರು ಕೆಲಸ. ಲೇಖನದ ಹೆಜ್ಜೆಗಳನ್ನು ನಿಜವಾದ ಮೋಡೆಮ್ ಮತ್ತು ಸ್ಕ್ರೀನ್ ಮುಂದೆ ಇಟ್ಟುಕೊಂಡು ಮಾಡಿ ನೋಡುವುದು. ಆ ಲೇಖನದ ನಂಬರ್ ಹಾಕಿದ ಟಿಕೆಟ್‌ಗಳನ್ನು ಓದುವುದು. ಲಿಂಕ್‌ಗಳು ಸರಿಯಾದ ಜಾಗಕ್ಕೆ ಹೋಗುತ್ತವೆಯಾ ನೋಡುವುದು. ಎರಡನೆಯದನ್ನು ಹೆಚ್ಚಿನವರು ಬಿಡುತ್ತಾರೆ. ಫಲ ಸಿಗುವುದು ಅಲ್ಲೇ.

ಕೆಂಪು ಲೈಟಿನ ಲೇಖನವನ್ನೇ ರಿವ್ಯೂ ಮಾಡುತ್ತಿದ್ದೀರಿ ಅಂತ ಇಟ್ಟುಕೊಳ್ಳಿ. ಮೋಡೆಮ್ ಮುಂದೆ ಕೂತಾಗ, ಹೊಸ ಮಾದರಿಯಲ್ಲಿ LOS ಎಂಬ ಅಕ್ಷರವೇ ಇಲ್ಲ, ಒಂದೇ ಲೈಟ್ ಬಣ್ಣ ಬದಲಾಯಿಸುತ್ತದೆ ಅಂತ ಗೊತ್ತಾಗುತ್ತದೆ. ಅನ್ವಯದ ಸಾಲಿಗೆ ಅದು ಸೇರಬೇಕು.

ಆಮೇಲೆ ಟಿಕೆಟ್‌ಗಳು. ಪೋರ್ಟಿನಲ್ಲಿ ತುಂಬಾ ಮನೆ ಆಫ್ ಇದ್ದಾಗಲೆಲ್ಲ ಫೈಬರ್ ತುಂಡು ಅಂತ ಲೈನ್‌ಮ್ಯಾನ್‌ನನ್ನು ಕಳುಹಿಸಿದ್ದಾರೆ. ಕೆಲವು ಸಲ ಅವನು ಹೋಗಿ "ಲೈನ್ ಸರಿ ಉಂಟು, ಊರಿಗೇ ಕರೆಂಟ್ ಇರಲಿಲ್ಲ" ಅಂತ ಬರೆದಿದ್ದಾನೆ. ತಪ್ಪು ಫೋನ್ ಎತ್ತಿದವರದಲ್ಲ. ಲೇಖನ "ಎಲ್ಲ ಆಫ್ ಇದ್ದರೆ ಮುಖ್ಯ ಲೈನ್" ಅಂತಷ್ಟೇ ಹೇಳುತ್ತಿತ್ತು.

ಇಲ್ಲಿ ಸೇರಿಸಬೇಕಾದದ್ದು ಸ್ಕ್ರೀನಿನಲ್ಲೇ ಇದೆ. ಕರೆಂಟ್ ಹೋದಾಗ ಮೋಡೆಮ್ ಆರುವ ಮುಂಚೆ ಒಂದು ಕೊನೆಯ ಸಂದೇಶ ಕಳುಹಿಸುತ್ತದೆ. ಆಫೀಸಿನ ಸ್ಕ್ರೀನಿನಲ್ಲಿ ಆಫ್ ಆದ ಕಾರಣ `dying-gasp` ಅಂತ ಕಾಣುತ್ತದೆ. ಫೈಬರ್ ತುಂಡಾದರೆ ಆ ಸಂದೇಶ ಬರಲು ದಾರಿಯೇ ಇಲ್ಲ, ಆದ್ದರಿಂದ `LOS` ಅಂತ ಬರುತ್ತದೆ. ಕಂಪೆನಿಗೆ ತಕ್ಕಂತೆ ಬರೆಯುವ ರೀತಿ ಸ್ವಲ್ಪ ಬೇರೆ ಇರಬಹುದು. ಹೆಚ್ಚಿನ ಮನೆಗಳಿಗೆ `dying-gasp` ಇದ್ದರೆ ಮೊದಲು ಕರೆಂಟ್ ವಿಚಾರಿಸಿ. ಈ ಸಂದೇಶ ಪ್ರತಿ ಸಲ ಬಂದು ಮುಟ್ಟುತ್ತದೆ ಅಂತ ಇಲ್ಲ. ಹಾಗಾಗಿ ಇನ್ನೊಂದು ಗುರುತನ್ನೂ ಬರೆಯಬೇಕು: ಇನ್ವರ್ಟರ್ ಇರುವ ಒಂದೆರಡು ಮನೆ ಅದೇ ಪೋರ್ಟಿನಲ್ಲಿ ಆನ್ ಇದ್ದರೆ, ಆಫೀಸಿನಿಂದ ಮೊದಲ ಸ್ಪ್ಲಿಟರ್ ತನಕದ ಫೈಬರ್ ಸರಿಯಾಗಿದೆ.

ಇಷ್ಟು ತಿದ್ದಿದ ಮೇಲೆ "ಕೊನೆಗೆ ಮಾಡಿ ನೋಡಿದ ದಿನ" ಬದಲಾಯಿಸಿ. ಬರೇ ಅಕ್ಷರ ತಪ್ಪು ತಿದ್ದಿದ ದಿನ ಅದನ್ನು ಮುಟ್ಟಬೇಡಿ. ಸಾಫ್ಟ್‌ವೇರ್ ತಾನೇ ತೋರಿಸುವ ತಿದ್ದಿದ ದಿನ ಬೇರೆ, ಇದು ಬೇರೆ.

ತಾರೀಕು ನೆನಪಿಡುವುದು ಯಾರು? ಸಾಫ್ಟ್‌ವೇರ್‌ಗೆ ದುಡ್ಡು ಹಾಕುವ ಹಾಗಿಲ್ಲ.

ಗೂಗಲ್ ಶೀಟ್ ಸಾಕು. `KB` ಎಂಬ ಶೀಟಿನಲ್ಲಿ ಎ ಕಾಲಮಿನಿಂದ ಎಫ್ ತನಕ ತಲೆಬರಹ, ಜವಾಬ್ದಾರಿ, ರಿವ್ಯೂ ಮಾಡುವವರು, ಮಾಡಿ ನೋಡಿದ ದಿನ, ಅವಧಿ, ಮುಂದಿನ ದಿನ ಇರಲಿ. ಮುಂದಿನ ದಿನಕ್ಕೆ `=D2+E2`. ಇನ್ನೊಂದು ಶೀಟಿನಲ್ಲಿ ಬಾಕಿ ಪಟ್ಟಿ:

```
=FILTER(KB!A2:F, KB!D2:D<>"", KB!F2:F<=TODAY())
```

`#N/A` ಬಂದರೆ ಇವತ್ತು ಬಾಕಿ ಏನೂ ಇಲ್ಲ ಅಂತ ಅರ್ಥ. ಇಲ್ಲಿ ಕೆಡುವುದು ತಾರೀಕು. ಶೀಟಿನ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ 05/06 ಅಂತ ಹೊಡೆದದ್ದು ಮೇ 6 ಆಗುತ್ತದೆ, 25/06 ತಾರೀಕೇ ಆಗುವುದಿಲ್ಲ. `File` ಮೆನುವಿನ `Settings` ಒಳಗೆ `Locale` ಅನ್ನು `India` ಮಾಡಿ.

ಜವಾಬ್ದಾರಿ ಕಾಲಮಿನಲ್ಲಿ ಒಬ್ಬರ ಹೆಸರು ಇರಲಿ. "ಟೀಮ್" ಅಂತ ಬರೆದರೆ ಯಾರೂ ಮಾಡುವುದಿಲ್ಲ. ಒಬ್ಬರು ಕೆಲಸ ಬಿಡುವಾಗ ಅವರ ಸಾಲುಗಳನ್ನು ಬೇರೆಯವರಿಗೆ ಕೊಡುವುದು ಕೊನೆಯ ದಿನದ ಕೆಲಸಗಳಲ್ಲಿ ಸೇರಲಿ.

## ಸ್ವಲ್ಪ ಮುಂದಿನ ಪ್ರಶ್ನೆಗಳು

ಹೊಸಬರು ಬರೆದದ್ದನ್ನು ಎಲ್ಲರಿಗೂ ಕಾಣುವ ಹಾಗೆ ಬಿಡಬಹುದಾ? ತಪ್ಪಿದ್ದರೆ?

ಬಿಡಬಹುದು, ತಲೆಯ ಮೇಲೆ ಅದರ ಸ್ಥಿತಿ ಬರೆದಿದ್ದರೆ. ಕೆಸಿಎಸ್‌ನಲ್ಲಿ ನಾಲ್ಕು ಸ್ಥಿತಿ ಇವೆ: ಬರೆಯುತ್ತಿರುವುದು, ಪರೀಕ್ಷೆ ಆಗದ್ದು, ಪರೀಕ್ಷೆ ಆದದ್ದು, ತೆಗೆದಿಟ್ಟದ್ದು. ಪರೀಕ್ಷೆ ಆಗದ್ದೂ ಟೀಮಿನ ಒಳಗೆ ಕಾಣಲಿ, ಗ್ರಾಹಕರಿಗೆ ಕಳುಹಿಸುವುದು ಬೇಡ. ಹಿರಿಯರು ನೋಡುವ ತನಕ ಮುಚ್ಚಿಟ್ಟರೆ ಅದೇ ದೂರು ಬಂದಾಗ ಇನ್ನೊಬ್ಬರು ಮತ್ತೆ ಶುರುವಿನಿಂದ ಒದ್ದಾಡುತ್ತಾರೆ. ಬೇರೆ ಯಾರಾದರೂ ಅದನ್ನು ಬಳಸಿ ದೂರು ಬಗೆಹರಿದರೆ ಅದೇ ಒಂದು ರಿವ್ಯೂ. ಬಳಸುವಾಗ ತಪ್ಪು ಕಂಡರೆ ತಿದ್ದಬೇಕು, ತಿದ್ದುವಷ್ಟು ಗೊತ್ತಿಲ್ಲದಿದ್ದರೆ ಗುರುತು ಹಾಕಬೇಕು. ಸುಮ್ಮನೆ ದಾಟಿ ಹೋಗಬಾರದು.

ಬಿಲ್ ಮತ್ತು ರಿಫಂಡ್ ಮಾತ್ರ ಇದಕ್ಕೆ ಹೊರತು. ಅವನ್ನು ಜವಾಬ್ದಾರಿ ಇರುವವರು ನೋಡದೆ ತೆರೆಯಬೇಡಿ.

ಒಂದೇ ವಿಷಯಕ್ಕೆ ಮೂರು ಲೇಖನ ಉಂಟು. ಎರಡನ್ನು ಡಿಲೀಟ್ ಮಾಡಲಾ?

ಹೆಚ್ಚು ಟಿಕೆಟ್‌ಗಳಲ್ಲಿ ಬಳಸಿದ್ದನ್ನು ಉಳಿಸಿ. ಉಳಿದೆರಡರ "ಗ್ರಾಹಕರ ಮಾತು" ಸಾಲುಗಳನ್ನು ಅದಕ್ಕೆ ತನ್ನಿ. ಮೂರು ಲೇಖನ ಹುಟ್ಟಿದ್ದೇ ಹುಡುಕಿದವರಿಗೆ ಮೊದಲನೆಯದು ಸಿಗದೆ. ಆ ಎರಡನ್ನು ಡಿಲೀಟ್ ಮಾಡದೆ ತೆಗೆದಿಟ್ಟು, ಉಳಿಸಿದ ಲೇಖನದ ಲಿಂಕ್ ಕೊಡಿ. ಹಳೆಯ ಟಿಕೆಟ್ ತೆರೆದವರಿಗೆ ದಾರಿ ಇರಬೇಕು.

ಇದೆಲ್ಲ ಕೆಲಸಕ್ಕೆ ಬರ್ತಾ ಉಂಟಾ ಅಂತ ಲೆಕ್ಕದಲ್ಲಿ ತೋರಿಸುವುದು ಹೇಗೆ?

ಯಾರು ಎಷ್ಟು ಲೇಖನ ಬರೆದರು ಅಂತ ಲೆಕ್ಕ ಇಡಬೇಡಿ. ಆ ಅಂಕಿಗೆ ಬಹುಮಾನ ಇಟ್ಟರೆ ತಿಂಗಳ ಕೊನೆಗೆ ಒಂದೇ ವಿಷಯದ ಲೇಖನಗಳು ರಾಶಿ ಬೀಳುತ್ತವೆ.

ನಾನು ನೋಡುವುದು ಮೂರನ್ನು. ಹುಡುಕಿ ಏನೂ ಸಿಗದ ಪದಗಳ ಪಟ್ಟಿ: ಮುಂದೆ ಏನು ಬರೆಯಬೇಕು, ಯಾವ ಮಾತನ್ನು ಸೇರಿಸಬೇಕು ಎಂಬುದು ಅದರಲ್ಲೇ ಇರುತ್ತದೆ. ನಿಮ್ಮ ಸಾಫ್ಟ್‌ವೇರ್ ಅದನ್ನು ಕೊಡದಿದ್ದರೆ ಮೇಜಿನ ಮೇಲೆ ಒಂದು ಪುಸ್ತಕ ಇಟ್ಟು ಬರೆಯಲು ಹೇಳಿ. ಎರಡನೆಯದು, ಲೇಖನ ಬಳಸಿ ಮುಚ್ಚಿದ ಟಿಕೆಟ್ ಮತ್ತೆ ತೆರೆದದ್ದು. ಒಂದೇ ಲೇಖನದ ಹೆಸರು ಅಲ್ಲಿ ಪದೇ ಪದೇ ಬಂದರೆ ತಾರೀಕಿಗೆ ಕಾಯದೆ ರಿವ್ಯೂಗೆ ತೆಗೆದುಕೊಳ್ಳಿ. ಮೂರನೆಯದು, ಗುರುತು ಹಾಕಿದ ತಪ್ಪು ತಿದ್ದಲು ಹಿಡಿದ ದಿನಗಳು. ಗುರುತು ಹಾಕಿ ವಾರಗಟ್ಟಲೆ ಯಾರೂ ನೋಡದಿದ್ದರೆ ಜನ ಹಾಕುವುದನ್ನೇ ಬಿಡುತ್ತಾರೆ. ಆಗ ಗುರುತುಗಳ ಪಟ್ಟಿ ಖಾಲಿ ಕಾಣುತ್ತದೆ, ಲೇಖನಗಳು ಸರಿಯಾಗಿವೆ ಅಂತ ಅದರ ಅರ್ಥ ಅಲ್ಲ. ಗುರುತುಗಳು ಇದ್ದಕ್ಕಿದ್ದ ಹಾಗೆ ನಿಂತರೆ ಫೋನ್ ಎತ್ತುವವರ ಪಕ್ಕದಲ್ಲಿ ಅರ್ಧ ದಿನ ಕೂತು, ಅವರು ಲೇಖನ ತೆರೆಯುತ್ತಾರಾ, ಪಕ್ಕದವರನ್ನು ಕೇಳುತ್ತಾರಾ ನೋಡಿ.